ಕೆಲಸ ಬದಲಿಸುವ ಮೊದಲು ಜುಲೈ ಸಂಬಳ ಕೇಳಿ

ಏಪ್ರಿಲ್‌ನಲ್ಲಿ ಅಕ್ಕನ ಮಗ ಮನೆಗೆ ಬಂದಿದ್ದ. ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನ ಫ್ರಂಟ್ ಆಫೀಸಿನಲ್ಲಿ ಅವನಿಗೆ ಕೆಲಸ. ಸೇರಿ 4 ವರ್ಷ 2 ತಿಂಗಳು. "ಮಾವ, ಕುಶಾಲನಗರದ ಕಡೆ ಇನ್ನೊಂದು ರೆಸಾರ್ಟ್‌ನವರು 29 ಸಾವಿರ ಕೊಡ್ತೀವಿ ಅಂದಿದ್ದಾರೆ. ಇಲ್ಲಿ ನಂಗೆ 24. ನನ್ ಜೊತೆ ಸೇರಿದವನು ಮೂರು ಕಡೆ ಹಾರಿ ಈಗ 34ರಲ್ಲಿದ್ದಾನೆ. ನಾನು ಇಲ್ಲೇ ಕೂತು ಕೆಟ್ಟೆನಾ?" ಎಂದ.

ಹಾರಿದವರಿಗೆ ಸಂಬಳ ಬೇಗ ಏರುತ್ತದೆ ಅನ್ನುವ ಮಾತು ಸುಳ್ಳೇನಲ್ಲ. ಅಮೆರಿಕದಲ್ಲಿ ಅಟ್ಲಾಂಟಾದ ಫೆಡರಲ್ ರಿಸರ್ವ್ ಬ್ಯಾಂಕ್ ಇದರ ಲೆಕ್ಕವನ್ನು ತಿಂಗಳು ತಿಂಗಳೂ ಇಡುತ್ತದೆ. ಬಹುಪಾಲು ವರ್ಷಗಳಲ್ಲಿ ಕೆಲಸ ಬದಲಿಸಿದವರೇ ಮುಂದೆ. 2022ರಲ್ಲಿ ಜನ ಸಿಗದೆ ಕಂಪನಿಗಳು ಪರದಾಡುತ್ತಿದ್ದಾಗ ಆ ಅಂತರ ಚೆನ್ನಾಗಿಯೇ ಹಿಗ್ಗಿತ್ತು. 2025ರ ಶುರುವಿಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುವಷ್ಟಕ್ಕೆ ಇಳಿಯಿತು. ಅಂದರೆ ಹಾರುವುದರ ಲಾಭ ಆ ಹೊತ್ತಿನ ಬೇಡಿಕೆಯ ಮೇಲೂ ನಿಂತಿದೆ.

ಇನ್ನೊಂದು ಮಾತಿದೆ. ಒಳ್ಳೆ ಆಫರ್ ಸಿಕ್ಕವನು ಹೊರಡುತ್ತಾನೆ, ಸಿಗದವನು ಉಳಿಯುತ್ತಾನೆ. ಹಾಗಿದ್ದಾಗ ಇಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿ ಅಳೆದರೆ ಹೊರಟವನೇ ಎತ್ತರ ಕಾಣುತ್ತಾನೆ ಅಲ್ವಾ? ಅದು ಹಾರಿದ್ದರ ಫಲವೋ ಅವನ ಕೈಚಳಕದ ಫಲವೋ ಸರಾಸರಿ ಹೇಳುವುದಿಲ್ಲ. 34 ಸಾವಿರದವನ ಸುದ್ದಿ ಊರಿಗೆಲ್ಲ ಗೊತ್ತು. ಹಾರಿ ಆರು ತಿಂಗಳಿಗೆ ವಾಪಸ್ ಬಂದವನು ಅದನ್ನು ಯಾರಿಗೂ ಹೇಳಿಕೊಳ್ಳುವುದಿಲ್ಲ.

ಹಾಗಾಗಿ ಮೊದಲು ನೋಡಬೇಕಾದ್ದು ನಿಮ್ಮ ಕಸುಬನ್ನು. ನಿಮ್ಮ ಕೆಲಸ ಎಷ್ಟು ಚೆನ್ನಾಗಿದೆ ಅಂತ ಹೊಸ ಧಣಿಗೆ ಹೊರಗಿನಿಂದ ಗೊತ್ತಾಗುತ್ತದೆಯೇ? ಕಾಫಿ ತೋಟದ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರ್‌ನ್ನು ತೆಗೆದುಕೊಳ್ಳಿ. ಯಾವ ಬ್ಲಾಕ್‌ನಲ್ಲಿ ಬೋರರ್ ಹುಳು ಜಾಸ್ತಿ, ಯಾವ ಲೈನ್‌ಮನೆಯವರು ಕೊಯ್ಲಿಗೆ ನಂಬಿಕಸ್ತರು, ಮಳೆಗಾಲದಲ್ಲಿ ಯಾವ ದಾರಿಗೆ ಜೀಪ್ ಹೋಗುವುದಿಲ್ಲ, ಇದೇ ಅವನ ಬಂಡವಾಳ. ಅದು ಆ ತೋಟದಲ್ಲಷ್ಟೇ ಚಲಾವಣೆಯ ನಾಣ್ಯ. ಪಕ್ಕದ ತೋಟಕ್ಕೆ ಹೋದರೆ ಮೊದಲಿಂದ ಕಲಿಯಬೇಕು. ಎರಡೆರಡು ವರ್ಷಕ್ಕೆ ತೋಟ ಬದಲಿಸಿದರೆ "ಲೆಕ್ಕದಲ್ಲಿ ಏನೋ ಎಡವಟ್ಟು ಮಾಡಿರಬೇಕು" ಅಂತ ಮಾತು ಹುಟ್ಟುತ್ತದೆ. ಸರ್ಕಾರಿ ಶಾಲೆಯ ಮೇಷ್ಟರಿಗಂತೂ ಈ ಪ್ರಶ್ನೆಯೇ ಇಲ್ಲ, ವೇತನ ಶ್ರೇಣಿ ಬರೆದಿಟ್ಟಾಗಿದೆ.

ಫ್ರಂಟ್ ಆಫೀಸ್ ಹಾಗಲ್ಲ. ಬುಕಿಂಗ್ ಸಾಫ್ಟ್‌ವೇರ್ ಗೊತ್ತಿರುವುದು, ನಾಲ್ಕು ಭಾಷೆ ಮಾತಾಡುವುದು, ರೂಮ್ ಸಿಗದೆ ರೇಗಿದ ಗೆಸ್ಟ್‌ನ್ನು ಸಮಾಧಾನ ಮಾಡುವುದು, ಇವು ಎಲ್ಲಿ ಹೋದರೂ ಬೆಲೆ ಬಾಳುತ್ತವೆ. ಜಿಲ್ಲೆಯಲ್ಲಿ ಕೆಲಸ ಕೊಡುವವರೂ ಹಲವರಿದ್ದಾರೆ. ಇಂಥ ಕಸುಬಿನಲ್ಲಿ ಹಾರಿದರೆ ಸಂಬಳ ಏರುವುದು ಸಹಜ. ಆದರೆ ಇಲ್ಲಿ ದೊಡ್ಡ ಏರಿಕೆ ಬರುವುದು ಹುದ್ದೆ ಬದಲಾದಾಗ. ಅದಕ್ಕೆ ನಿಮ್ಮ ಮೇಲಿನ ಕುರ್ಚಿ ನೋಡಿ. ಡ್ಯೂಟಿ ಮ್ಯಾನೇಜರ್ ಊರಿನವರೇ, ಮನೆ ಕಟ್ಟಿದ್ದಾರೆ, ಮಕ್ಕಳು ಇಲ್ಲೇ ಶಾಲೆಗೆ ಹೋಗುತ್ತಿದ್ದಾರೆ ಅಂದರೆ ಆ ಕುರ್ಚಿ ಸದ್ಯಕ್ಕೆ ಖಾಲಿಯಾಗುವುದಿಲ್ಲ. ನಮ್ಮ ಹುಡುಗನದ್ದು ಅದೇ ಕಥೆ. 18 ಸಾವಿರಕ್ಕೆ ಸೇರಿದವನಿಗೆ ವರ್ಷಕ್ಕೆ 1,500ರಂತೆ ನಾಲ್ಕು ಇನ್‌ಕ್ರಿಮೆಂಟ್ ಬಂದಿದೆ, ಅಷ್ಟೇ.

ಈಗ ಲೆಕ್ಕಕ್ಕೆ ಕೂರೋಣ. ಹಾಳೆಯಲ್ಲಿ ಎರಡು ಸಾಲು ಹಾಕಿ, ಪ್ರತಿ ರೆಸಾರ್ಟ್‌ನಿಂದ ತಿಂಗಳಿಗೆ ನಿಜವಾಗಿ ಏನು ಉಳಿಯುತ್ತದೆ ಬರೆಯಿರಿ. ಸಂಬಳ ಅಂದರೆ ಕೈಗೆ ಬರುವ ಮೊತ್ತ, ಸಿಟಿಸಿ ಅಲ್ಲ. ನಾವು ಬರೆದ 24 ಮತ್ತು 29 ಕೈಗೆ ಬರುವ ದುಡ್ಡೇ.

ಹೆಚ್ಚಿನವರು ಎಡವುವುದು ಗೆಸ್ಟ್‌ಗಳ ಬಿಲ್‌ನಿಂದ ಬಂದು ಕೆಲಸದವರಿಗೆ ಹಂಚಿಕೆಯಾಗುವ ಸರ್ವಿಸ್ ಚಾರ್ಜ್‌ನಲ್ಲಿ. ಇಂಟರ್‌ವ್ಯೂನಲ್ಲಿ "ತಿಂಗಳಿಗೆ 6 ಸಾವಿರ ಬರುತ್ತೆ" ಅಂತಾರೆ. ಅದು ಡಿಸೆಂಬರ್‌ನ ಮಾತು. ಜುಲೈನಲ್ಲಿ ಜಡಿಮಳೆ ಹಿಡಿದು, ಗುಡ್ಡ ಕುಸಿಯುವ ಭಯದಲ್ಲಿ ಬುಕಿಂಗ್ ರದ್ದಾಗುವಾಗ ಎಷ್ಟು ಬಂತು? ಅಲ್ಲಿ ಕೆಲಸ ಮಾಡುವವರ, ಇಲ್ಲವೇ ಒಂದು ವರ್ಷದೊಳಗೆ ಬಿಟ್ಟವರ ಹತ್ತಿರ ಜುಲೈನ ಪೇ ಸ್ಲಿಪ್ ಕೇಳಿ. ಒಬ್ಬರಲ್ಲ, ಮೂವರನ್ನು ಕೇಳಿ. ಸಂಬಳ ಎಷ್ಟು ಅಂತ ಕೇಳಿದರೆ ಸಂಕೋಚಪಡುತ್ತಾರೆ. "ಮಳೆಗಾಲದಲ್ಲಿ ಹೇಗೆ ನಡೆಯುತ್ತೆ?" ಅಂತ ಶುರು ಮಾಡಿದರೆ ತಾವಾಗಿಯೇ ಹೇಳುತ್ತಾರೆ. ಹೀಗೆ ವಿಚಾರಿಸಿದಾಗ ಹೊಸ ಜಾಗದಲ್ಲಿ ವರ್ಷದ ಸರಾಸರಿ 3 ಸಾವಿರ ಅಂತ ತಿಳಿಯಿತು. ಹಳೆಯದರಲ್ಲಿ 2,500.

ಆಮೇಲೆ ರೂಮು, ಊಟ. ಹಳೆಯ ಕಡೆ ಎರಡೂ ಪುಕ್ಕಟೆ. ಹೊಸ ಕಡೆ ಡ್ಯೂಟಿ ಹೊತ್ತಿನ ಊಟ ಮಾತ್ರ, ರೂಮಿಲ್ಲ. ಕುಶಾಲನಗರದಲ್ಲಿ ಅವನು ನೋಡಿಬಂದ ಒಂಟಿ ಕೋಣೆಗೆ 3,500 ಬಾಡಿಗೆ, ಉಳಿದ ಊಟಕ್ಕೆ 1,500 ಇಟ್ಟೆವು. ಹಳೆಯದು 24,000ಕ್ಕೆ 2,500 ಕೂಡಿ 26,500. ಹೊಸದು 29,000ಕ್ಕೆ 3,000 ಕೂಡಿ, 5,000 ಕಳೆದು 27,000. ಐದು ಸಾವಿರದ ಏರಿಕೆ ಐನೂರಕ್ಕೆ ಬಂದು ನಿಂತಿತು! ಹುಡುಗನ ಮುಖ ಸಣ್ಣಗಾಯಿತು.

ಇನ್ನೂ ಮುಗಿಯಲಿಲ್ಲ. ಗ್ರಾಚ್ಯುಟಿ ಇದೆಯಲ್ಲ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ, ಕಾಯಂ ಕೆಲಸದವರು 5 ವರ್ಷ ಪೂರೈಸಿ ಬಿಟ್ಟರೆ ಇದು ಸಿಗುತ್ತದೆ. ಲೆಕ್ಕ ಸರಳ: ಕೊನೆಯ ಬೇಸಿಕ್ ಮತ್ತು ಡಿಎಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಿ. ಇವನ ಬೇಸಿಕ್ 14,000, ಡಿಎ ಇಲ್ಲ. ಐದು ವರ್ಷಕ್ಕೆ ಸುಮಾರು 40,380 ರೂಪಾಯಿ. ಅದಕ್ಕೆ ಇನ್ನು ಹತ್ತು ತಿಂಗಳು ಬಾಕಿ. ಈಗಲೇ ಹೊರಟರೆ ಹತ್ತು ತಿಂಗಳಲ್ಲಿ ಹೆಚ್ಚಿಗೆ ಸಿಗುವುದು 5 ಸಾವಿರ, ಕೈಬಿಡುವುದು 40 ಸಾವಿರ. (2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನಿಗದಿತ ಅವಧಿಯ ಕರಾರಿನವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಇದೆ. ನಿಮ್ಮ ನೇಮಕ ಪತ್ರ ಯಾವ ಬಗೆಯದು ನೋಡಿಕೊಳ್ಳಿ.) ಪಿಎಫ್‌ಗೆ ಇಂಥ ತೊಂದರೆ ಇಲ್ಲ. ಅದೇ ಯುಎಎನ್ ಕೊಟ್ಟು ಹೊಸ ಕಡೆಗೆ ವರ್ಗಾಯಿಸಿಕೊಂಡರೆ ಸೇವೆಯೂ ಮುಂದುವರಿಯುತ್ತದೆ. ಬಿಡುವಾಗ ಡ್ರಾ ಮಾಡಿಕೊಂಡು ಬೈಕ್ ಕೊಳ್ಳುವ ಚಟ ಮಾತ್ರ ಬೇಡ.

ಹಾಗಂತ ಉಳಿಯುವುದೇ ಸರಿ ಅಂತ ತೀರ್ಮಾನಿಸಬೇಡಿ. ಇದೇ ಹಾಳೆಯಲ್ಲಿ ಒಂದೇ ಒಂದು ಸಾಲು ಬದಲಾಯಿಸಿ ನೋಡಿದೆವು. ಹೊಸಬರು ರೂಮು ಕೊಟ್ಟರೆ? ಬಾಡಿಗೆ ಉಳಿದು ತಿಂಗಳಿಗೆ 30,500 ಆಗುತ್ತದೆ, ಅಂತರ 4,000. ಹತ್ತು ತಿಂಗಳಿಗೆ 40 ಸಾವಿರ. ಹೆಚ್ಚುಕಡಿಮೆ ಗ್ರಾಚ್ಯುಟಿಯಷ್ಟೇ! ಆಗ ದುಡ್ಡಿನ ತಕ್ಕಡಿ ಸಮ. ಫೆಬ್ರವರಿಯವರೆಗೆ ಕಾದರೆ ಆಫರ್ ಇರುತ್ತದೆಂಬ ಖಾತ್ರಿ ಇಲ್ಲದ್ದರಿಂದ ನಾನಾಗಿದ್ದರೆ ಹೊರಡುತ್ತಿದ್ದೆ. ಅದರ ಜೊತೆ ಡ್ಯೂಟಿ ಮ್ಯಾನೇಜರ್ ಹುದ್ದೆಯನ್ನೂ ಕೊಟ್ಟರೆ ಯೋಚಿಸುವುದೇ ಬೇಡ. ಮುಂದಿನ ಸಂಬಳದ ಮಾತು ಆ ಹುದ್ದೆಯಿಂದಲೇ ಶುರುವಾಗುತ್ತದೆ.

ಅವನು ಫೋನ್ ಮಾಡಿ ರೂಮು ಕೇಳಿದ. "ಕೊಡೋಣ ಬನ್ನಿ" ಅಂದರು. ಆಫರ್ ಲೆಟರ್‌ನಲ್ಲಿ ಬರೆದುಕೊಡಿ ಅಂದಾಗ "ಅದೆಲ್ಲ ಬಂದಮೇಲೆ ನೋಡೋಣ" ಅಂದರು. ಎರಡು ದಿನ ಬಿಟ್ಟು ಮತ್ತೆ ಕೇಳಿದರೂ ಅದೇ ಉತ್ತರ. ಹುಡುಗ ಬೇಡ ಅಂದ. ಫೆಬ್ರವರಿಗೆ ಐದು ವರ್ಷ ತುಂಬುತ್ತದೆ. ಈ ಸಲ ಸಿದ್ದಾಪುರದ ಕಡೆಯ ಎರಡು ರೆಸಾರ್ಟ್‌ಗಳ ಬಗ್ಗೆ ವಿಚಾರಿಸುತ್ತಿದ್ದಾನೆ. ಮೊನ್ನೆ ಫೋನಿನಲ್ಲಿ, "ಒಂದ್ ಕಡೆ ಜುಲೈ ಸ್ಲಿಪ್ ಸಿಕ್ತು ಮಾವ, 900 ರೂಪಾಯಿ ಸರ್ವಿಸ್ ಚಾರ್ಜ್" ಅಂದ.