ಮೊದಲನೇ ವಿಷಲ್ ಆಟಕ್ಕುಂಟು, ಲೆಕ್ಕಕ್ಕಿಲ್ಲ

ಕುಕ್ಕರ್ ಮುಚ್ಚಳ ಹಾಕಿ, ನೀರು ಇನ್ನೂ ತಣ್ಣಗಿರುವಾಗಲೇ ಮೇಲೆ ವೇಟ್ ಕೂರಿಸಿ, ಉರಿ ಜೋರು ಮಾಡಿ ಬೇರೆ ಕೆಲಸಕ್ಕೆ ಹೋಗಿಬಿಡೋರೇ ಜಾಸ್ತಿ. ಆಮೇಲೆ ಯಾರೋ ಹೇಳಿದಷ್ಟು ವಿಷಲ್ ಹೊಡೆಸಿ ಇಳಿಸಿ ನೋಡಿದ್ರೆ ಕಾಳು ಹಲ್ಲಿಗೆ ಸಿಕ್ಕಿ ಕಟಕಟ ಅನ್ನುತ್ತೆ, ಬೈಗುಳ ಕಾಳಿಗೆ ಬೀಳುತ್ತೆ. ಕಾಳು ಹಳೇದಿರಬಹುದು, ನೀರು ಗಡಸಿರಬಹುದು, ಒಪ್ಪೋಣ. ಆದರೆ ತುಂಬಾ ಸಲ ತಪ್ಪು ಆಗಿರೋದು ಆ ವೇಟ್ ಕೂರಿಸಿದ ಹೊತ್ತಿನಲ್ಲಿ. ಅದು ಯಾಕೆ ಅಂತ ತಿಳಿಬೇಕಾದ್ರೆ ಮೊದಲು ನೀರು ಕುದಿಯೋದು ಅಂದ್ರೆ ಏನು ಅಂತ ನೋಡ್ಬೇಕು.

ನೀರಿನ ಮೇಲ್ಮೈಯಿಂದ ಅಣುಗಳು ಸದಾ ಹಾರಿ ಹೋಗ್ತಾನೇ ಇರ್ತವೆ, ತಣ್ಣೀರಲ್ಲೂ ಅಷ್ಟೇ. ಮುಚ್ಚಿದ ಪಾತ್ರೆ ಆದ್ರೆ ಹಾರಿದ್ದರಲ್ಲಿ ಕೆಲವು ವಾಪಸ್ ನೀರಿಗೇ ಬೀಳ್ತವೆ, ಹಾರೋದೂ ಬೀಳೋದೂ ಸಮ ಆದಾಗ ಆ ಆವಿ ಸುತ್ತಲೂ ಎಷ್ಟು ಒತ್ತುತ್ತೋ ಅದೇ ಆವಿ ಒತ್ತಡ. ಇದು ನೀರಿನ ಬಿಸಿ ಮೇಲೆ ನಿಂತಿದೆ, ಬಿಸಿ ಏರಿದ ಹಾಗೆ ಸರಸರ ಏರುತ್ತೆ. 30 ಡಿಗ್ರಿಯಲ್ಲಿ ಅದು ನಮ್ಮ ಸುತ್ತಲ ವಾತಾವರಣದ ಒತ್ತಡದ ನೂರರಲ್ಲಿ 4 ಪಾಲು ಅಷ್ಟೇ, 80 ಡಿಗ್ರಿಗೆ ಬರೋ ಹೊತ್ತಿಗೆ ಹೆಚ್ಚು ಕಡಿಮೆ ಅರ್ಧ, 100 ಡಿಗ್ರಿಯಲ್ಲಿ ಪೂರ್ತಿ ಸಮ. ಸಮ ಆದ ಗಳಿಗೆಯೇ ಕುದಿ. ಯಾಕಂದ್ರೆ ನೀರಿನೊಳಗೆ ಹುಟ್ಟಿದ ಆವಿ ಗುಳ್ಳೆ ಬದುಕಬೇಕಾದ್ರೆ ಅದರೊಳಗಿನ ಆವಿ ಹೊರಗಿನ ಒತ್ತಡವನ್ನ ತಡೆದು ನಿಲ್ಲಬೇಕು, ಅದಕ್ಕಿಂತ ಕಮ್ಮಿ ಬಿಸಿಯಲ್ಲಿ ಗುಳ್ಳೆ ಹುಟ್ಟಿದರೂ ಅಲ್ಲೇ ಅಮುಕಿ ಹೋಗುತ್ತೆ.

ಒಂದು ಸಲ ಕುದಿ ಬಂದ ಮೇಲೆ ತೆರೆದ ಪಾತ್ರೆಯಲ್ಲಿ ನೀವು ಉರಿ ಎಷ್ಟೇ ಜೋರು ಮಾಡಿ, ನೀರು 100ರ ಮೇಲೆ ಹೋಗಲ್ಲ. ಕೊಟ್ಟ ಬಿಸಿಯೆಲ್ಲ ನೀರನ್ನ ಆವಿ ಮಾಡೋದಕ್ಕೇ ಖರ್ಚು. ಒಳಗಿರೋ ಪದಾರ್ಥಕ್ಕೆ ಮಂದ ಕುದಿಯೂ ಒಂದೇ, ಕೊತಕೊತ ಕುದಿಯೂ ಒಂದೇ, ಗ್ಯಾಸ್ ಮಾತ್ರ ದಂಡ.

ಕುಕ್ಕರ್ ಮಾಡೋದು ಒಂದೇ ಕೆಲಸ, ಆ ಗುಳ್ಳೆ ಎದುರಿಸಬೇಕಾದ ಒತ್ತಡವನ್ನ ಜಾಸ್ತಿ ಮಾಡೋದು. ಮುಚ್ಚಳದ ಮೇಲಿನ ಕೊಳವೆಯ ತೂತು 3 ಮಿಲಿಮೀಟರ್ ಅಗಲ ಇದೆ ಅಂದ್ಕೊಳ್ಳಿ. ಅದರ ಮೇಲೆ ಸುಮಾರು 72 ಗ್ರಾಂ ತೂಕ ಕೂರಿಸಿದ್ರೆ, ಅದನ್ನ ಎತ್ತೋದಕ್ಕೆ ಒಳಗೆ ಹೊರಗಿಗಿಂತ ಒಂದು ವಾತಾವರಣದಷ್ಟು ಹೆಚ್ಚು ಒತ್ತಡ ಬೇಕಾಗುತ್ತೆ, ಅಂದ್ರೆ ಒಟ್ಟು ಎರಡು ಪಟ್ಟು. ನೀರಿನ ಆವಿ ಒತ್ತಡ ಎರಡು ಪಟ್ಟು ಆಗೋದು ಸುಮಾರು 120 ಡಿಗ್ರಿಯಲ್ಲಿ, ಹಾಗಾಗಿ ನೀರು ಅಲ್ಲಿಯವರೆಗೂ ನೀರಾಗೇ ಇದ್ದು ಬಿಸಿ ಏರ್ತಾ ಹೋಗುತ್ತೆ. ಒತ್ತಡ ಕಾಳಿನೊಳಗೆ ನೀರನ್ನ ನುಗ್ಗಿಸಿ ಬೇಯಿಸುತ್ತೆ ಅನ್ನೋ ಮಾತನ್ನ ಬಿಟ್ಟುಬಿಡಿ, ಬೇಯಿಸೋದು ಆ ಹೆಚ್ಚಿನ 20 ಡಿಗ್ರಿ. ಬೇಯೋದು ಅಂದ್ರೆ ರಾಸಾಯನಿಕ ಕ್ರಿಯೆ ತಾನೇ, ಬಿಸಿ 10 ಡಿಗ್ರಿ ಏರಿದ್ರೆ ಅಂಥ ಕ್ರಿಯೆಗಳ ವೇಗ ಸುಮಾರಾಗಿ ಎರಡರಷ್ಟಾಗುತ್ತೆ ಅನ್ನೋದು ಒಂದು ಅಂದಾಜು ಲೆಕ್ಕ. 20 ಡಿಗ್ರಿಗೆ ನಾಲ್ಕರಷ್ಟು. ಹಾಗಾಗಿ 40 ನಿಮಿಷ ಕುದಿಸಬೇಕಾದ್ದು 10-15 ನಿಮಿಷಕ್ಕೆ ಮೆತ್ತಗಾಗುತ್ತೆ. ದಪ್ಪ ದಪ್ಪ ಹೋಳು ಹಾಕಿದ್ರೆ ಮಾತ್ರ ಇಷ್ಟು ಲಾಭ ಇಲ್ಲ, ಬಿಸಿ ನಡುವಿನ ತನಕ ಇಳಿಯೋಕೇ ಹೊತ್ತು ಹಿಡಿಯುತ್ತೆ.

ಇದಿಷ್ಟು ಗೊತ್ತಿದ್ರೆ ಉಳಿದದ್ದು ಕೈಕೆಲಸ.

ಹಂತ 1. ಪದಾರ್ಥ, ನೀರು ಎಲ್ಲಾ ಸೇರಿ ಕುಕ್ಕರಿನ ಮೂರರಲ್ಲಿ ಎರಡು ಪಾಲು ಮೀರಬಾರದು, ನೊರೆ ಬರೋ ಕಾಳಾದ್ರೆ ಅರ್ಧ ಸಾಕು.

ಹಂತ 2. ಗ್ಯಾಸ್ಕೆಟ್ ಸರಿ ಕೂರಿಸಿ ಮುಚ್ಚಳ ಹಾಕಿ, ಕೊಳವೆಯ ತೂತಲ್ಲಿ ಕಣ್ಣಿಟ್ಟು ಆ ಕಡೆಯ ಬೆಳಕು ಕಾಣುತ್ತಾ ನೋಡ್ಕೊಳ್ಳಿ.

ಹಂತ 3. ವೇಟ್ ಹಾಕದೆ ಉರಿ ಹಚ್ಚಿ, ಕಾಯಿರಿ. ಎಲ್ಲರೂ ಎಡವೋದು ಇಲ್ಲೇ, ಆದ್ದರಿಂದ ನಿಧಾನಕ್ಕೆ ಹೇಳ್ತೀನಿ.

ಮುಚ್ಚಳ ಹಾಕಿದಾಗ ನೀರಿನ ಮೇಲಿನ ಖಾಲಿ ಜಾಗದಲ್ಲಿ ಇರೋದು ಗಾಳಿ, ಅದೂ ಒಂದು ವಾತಾವರಣದ ಒತ್ತಡದಲ್ಲಿ. ತಣ್ಣಗಿರುವಾಗಲೇ ವೇಟ್ ಹಾಕಿದ್ರೆ ಆ ಗಾಳಿ ಒಳಗೇ ಸಿಕ್ಕಿಬೀಳುತ್ತೆ. ವೇಟ್‌ಗೆ ಕಣ್ಣಿಲ್ಲ, ತನ್ನನ್ನ ಎತ್ತುತ್ತಿರೋದು ಆವಿಯೋ ಗಾಳಿಯೋ ಅದಕ್ಕೆ ಗೊತ್ತಿಲ್ಲ, ಎರಡರ ಒತ್ತಡ ಕೂಡಿ ಎರಡು ವಾತಾವರಣ ಮುಟ್ಟಿದ್ರೆ ಎದ್ದುಬಿಡುತ್ತೆ. ಈಗ ಲೆಕ್ಕ ಹಾಕಿ. 27 ಡಿಗ್ರಿಯಲ್ಲಿ ಸಿಕ್ಕಿಬಿದ್ದ ಗಾಳಿ 93 ಡಿಗ್ರಿಗೆ ಕಾದಾಗ ಅದರ ಒತ್ತಡ 1 ಇದ್ದದ್ದು ಸುಮಾರು 1.22 ಆಗಿರುತ್ತೆ. ಅದೇ 93 ಡಿಗ್ರಿಯಲ್ಲಿ ನೀರಿನ ಆವಿ ಒತ್ತಡ 0.77. ಎರಡೂ ಕೂಡಿಸಿದ್ರೆ ಹತ್ತಿರ ಹತ್ತಿರ 2. ಅಂದ್ರೆ ಮೊದಲನೇ ವಿಷಲ್ ಜೋರಾಗಿ ಕೂಗಿದಾಗ ಒಳಗಿನ ನೀರು 120 ಹಾಗಿರಲಿ, 100 ಡಿಗ್ರಿಯನ್ನೂ ಮುಟ್ಟಿಲ್ಲ, ಕುದಿಯೂ ಬಂದಿಲ್ಲ! ತೆರೆದ ಪಾತ್ರೆಯಲ್ಲಿ ಕುದಿಸಿದ್ದಕ್ಕಿಂತ ಕಡೆ.

ಆಮೇಲಿನ ಒಂದೊಂದು ವಿಷಲ್ಲಿಗೂ ಗಾಳಿ ಆವಿ ಬೆರೆತದ್ದು ಸ್ವಲ್ಪ ಸ್ವಲ್ಪ ಹೊರಗೆ ಹೋಗುತ್ತೆ, ಗಾಳಿ ಕಮ್ಮಿ ಆದಷ್ಟೂ ಆ ಜಾಗ ತುಂಬೋಕೆ ಆವಿ ಬೇಕು, ನೀರು ಇನ್ನಷ್ಟು ಬಿಸಿ ಆಗುತ್ತೆ. ಎರಡು ಮೂರು ಸಲ ಕೂಗಿದ ಮೇಲೆ ನಿಜವಾದ ಬೇಯಿಸುವಿಕೆ ಶುರು. ಅಷ್ಟರಲ್ಲಿ ನೀವು ಮೂರು ಎಣಿಸಿ ಆರಿಸಿಬಿಟ್ಟಿರ್ತೀರಿ.

ಹಾಗಾದ್ರೆ ಗಾಳಿ ಹೋಯ್ತು ಅಂತ ಗೊತ್ತಾಗೋದು ಹೇಗೆ? ಕೊಳವೆಯನ್ನೇ ನೋಡ್ತಾ ಇರಿ. ಮೊದಮೊದಲು ಹೊಗೆ ಹಾಗೆ ತೆಳ್ಳಗೆ ಬಂದು ನಿಂತು ಬಂದು ನಿಂತು ಮಾಡುತ್ತೆ, ಒಂದೆರಡು ಹನಿ ಉಗುಳುತ್ತೆ, ಇದಕ್ಕೆ ಮೋಸ ಹೋಗಬೇಡಿ, ಇದರಲ್ಲಿ ಗಾಳಿಯೇ ತುಂಬಾ ಇರುತ್ತೆ. ಸ್ವಲ್ಪ ಹೊತ್ತಿಗೆ ಒಂದೇ ಸಮನೆ ಸುಯ್ ಅಂತ ನೆಟ್ಟಗೆ ಹೊರಡುತ್ತೆ, ಆಗ ಕೊಳವೆಯ ಬಾಯಿಗೂ ಬಿಳಿ ಮೋಡಕ್ಕೂ ನಡುವೆ ಒಂದು ಚೂರು ಖಾಲಿ ಜಾಗ ಕಾಣಿಸುತ್ತೆ. ಆ ಖಾಲಿ ಕಂಡಲ್ಲಿರೋದೇ ನಿಜವಾದ ಆವಿ, ಅದಕ್ಕೆ ಬಣ್ಣ ಇಲ್ಲ, ಬಿಳಿ ಕಾಣೋದು ತಣ್ಣಗಾಗಿ ಹನಿಯಾದ ನೀರು. ಕೈ ಇಟ್ಟು ನೋಡೋ ಸಾಹಸ ಬೇಡ, ಚರ್ಮ ಸುಲಿದುಹೋಗುತ್ತೆ. ಇದೇ ಥರ ಒಂದು ನಿಮಿಷ, ದೊಡ್ಡ ಕುಕ್ಕರಾದ್ರೆ ಎರಡು ನಿಮಿಷ ಬಿಟ್ಟು ಆಮೇಲೆ ಇಕ್ಕಳದಲ್ಲಿ ಹಿಡಿದು ವೇಟ್ ಕೂರಿಸಿ. ಆಸ್ಪತ್ರೆಗಳಲ್ಲಿ ಉಪಕರಣ ಶುದ್ಧ ಮಾಡೋ ಆಟೋಕ್ಲೇವ್‌ನಲ್ಲೂ ಮೊದಲು ಗಾಳಿ ಹೊರಗೆ ಹಾಕೋದು ಇದಕ್ಕೇ, ಮೀಟರ್ ಒತ್ತಡ ತೋರಿಸ್ತಿದ್ರೂ ಒಳಗೆ ಗಾಳಿ ಉಳಿದಿದ್ರೆ 121 ಡಿಗ್ರಿ ಬಂದಿರಲ್ಲ. ವೇಟ್ ಬದಲು ಸ್ಪ್ರಿಂಗ್ ವಾಲ್ವ್, ಮೇಲೆದ್ದು ಬರೋ ಪಿನ್ ಇರೋ ಕುಕ್ಕರ್ ನಿಮ್ಮದಾದ್ರೆ ಈ ಕಾಯೋ ಕೆಲಸ ಇಲ್ಲ, ಆವಿ ಜೋರಾಗಿ ಬಂದು ಪಿನ್ ಎತ್ತೋ ತನಕ ಗಾಳಿ ಆ ಸಂದಿಯಲ್ಲೇ ಹೊರಟುಹೋಗಿರುತ್ತೆ.

ಇಲ್ಲೇ ವೇಟ್ ಬಗ್ಗೆ ಒಂದು ಮಾತು. ಕಳೆದುಹೋದ್ರೆ ಬೇರೆ ಕುಕ್ಕರಿಂದೋ, ಬಿಡಿಭಾಗದ ಡಬ್ಬದಲ್ಲಿ ಸಿಕ್ಕಿದ್ದೋ ತಂದು ಕೂರಿಸಬೇಡಿ. ಮೇಲೆ ಹೇಳಿದ ಅದೇ ತೂತಿನ ಮೇಲೆ 72ರ ಬದಲು 100 ಗ್ರಾಂ ಇಟ್ರೆ ಒಳಗಿನ ಒಟ್ಟು ಒತ್ತಡ ಸುಮಾರು 2.4 ಪಟ್ಟು ಆಗುತ್ತೆ, ಬಿಸಿ 126 ಡಿಗ್ರಿ. ಅದನ್ನ ತಡೆಯೋ ಹಾಗೆ ನಿಮ್ಮ ಪಾತ್ರೆ ಮಾಡಿದ್ದಾರಾ ಇಲ್ಲವಾ ನಿಮಗೆ ಗೊತ್ತಿಲ್ಲ. ಹಗುರದ್ದು ಇಟ್ರೆ ಅಪಾಯ ಇಲ್ಲ, ಆದರೆ ಬೇಯೋದು ನಿಧಾನ. ವೇಟ್ ಹಗುರ ಇದ್ದಷ್ಟೂ ಬೇಗ ಬೇಗ ಕೂಗುತ್ತೆ, ಜನ ಅದನ್ನೇ ಒಳ್ಳೇ ಕುಕ್ಕರ್ ಅಂದ್ಕೋತಾರೆ.

ಹಂತ 4. ಮೊದಲ ಸಲ ಕೂಗಿದ ಕೂಡಲೇ ಉರಿ ಸಣ್ಣ ಮಾಡಿ, ಗಡಿಯಾರ ನೋಡಿ. ವಿಷಲ್ ಎಣಿಸೋ ಪದ್ಧತಿ ನನಗೆ ಸುತರಾಂ ಇಷ್ಟ ಇಲ್ಲ. ವೇಟ್ ಎದ್ದ ಮೇಲೆ ಒತ್ತಡ ಅಲ್ಲಿಂದ ಮುಂದೆ ಹೋಗಲ್ಲ, ಬಿಸಿಯೂ ಹೋಗಲ್ಲ, ಜೋರು ಉರಿ ಕೊಟ್ರೆ ಆಗೋದು ನೀರು ಬೇಗ ಆವಿಯಾಗಿ ಮತ್ತೆ ಮತ್ತೆ ಕೂಗೋದಷ್ಟೇ. ಐದು ವಿಷಲ್ ಅಂದ್ರೆ ಒಬ್ಬರ ಒಲೆ ಮೇಲೆ ನಾಲ್ಕು ನಿಮಿಷ, ಇನ್ನೊಬ್ಬರ ಒಲೆ ಮೇಲೆ ಹದಿನೈದು ನಿಮಿಷ ಇರಬಹುದು, ಬೇಯೋದು ನಿಮಿಷದ ಲೆಕ್ಕದಲ್ಲಿ. ವೇಟ್ ಆಗೊಮ್ಮೆ ಈಗೊಮ್ಮೆ ಸಣ್ಣಗೆ ಅಲ್ಲಾಡ್ತಾ ಚಿರ್ ಅಂತಿದ್ರೆ ಒಳಗೆ 120 ಇದೆ ಅಂತಲೇ ಅರ್ಥ, ಅದಕ್ಕಿಂತ ಉರಿ ಬೇಕಿಲ್ಲ. ಮುಚ್ಚಳದ ಅಂಚಿಂದ ಆವಿ ಸೋರ್ತಿದ್ರೆ ಮಾತ್ರ ಎಷ್ಟು ಹೊತ್ತಿಟ್ರೂ ವೇಟ್ ಏಳಲ್ಲ, ಗ್ಯಾಸ್ಕೆಟ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತೆ, ಫ್ರಿಜ್ಜಲ್ಲಿ ಇಟ್ಟು ತೆಗೆಯೋದು ಒಂದು ದಿನದ ಉಪಾಯ, ಹೊಸದು ಹಾಕಿ.

ನೀರು ಮುಗಿದ್ರೆ ಕಥೆ ಬೇರೆ. ನೀರಿದ್ದಷ್ಟು ಹೊತ್ತು ಬಿಸಿ 120ಕ್ಕೆ ಕಟ್ಟಿಬಿದ್ದಿರುತ್ತೆ, ಆರಿದ ಮೇಲೆ ಹಿಡಿಯೋರಿಲ್ಲ, ತಳ ಏರ್ತಾನೇ ಹೋಗುತ್ತೆ. ಆಗ ಕರಗಿ ದಾರಿ ಬಿಡೋದಕ್ಕೇ ಎಷ್ಟೋ ಕುಕ್ಕರ್‌ಗಳ ಸೇಫ್ಟಿ ವಾಲ್ವಲ್ಲಿ ಬೇಗ ಕರಗೋ ಲೋಹ ಹಾಕಿರ್ತಾರೆ. ಅದು ಹೋದ್ರೆ ಅಂಟು ಮೆತ್ತಿ ಮುಚ್ಚೋರೂ ಇದ್ದಾರೆ, ದಯವಿಟ್ಟು ಬೇಡ.

ಹಂತ 5. ಉರಿ ಆರಿಸಿ, ತಾನಾಗೇ ಒತ್ತಡ ಇಳಿಯಲಿ. ಒಳಗೆ 120 ಡಿಗ್ರಿಯ ಒಂದು ಲೀಟರ್ ನೀರಿದೆ ಅಂದ್ಕೊಳ್ಳಿ. ಮುಚ್ಚಳ ಎಳೆದು ತೆಗೆದ್ರೆ ಹೊರಗಿನ ಒತ್ತಡದಲ್ಲಿ ಅದು 100 ಡಿಗ್ರಿಗಿಂತ ಬಿಸಿ ಇರೋ ಹಾಗಿಲ್ಲ, ಆ ಹೆಚ್ಚಿನ ಬಿಸಿ ಅಷ್ಟೂ ಆವಿ ಮಾಡೋದಕ್ಕೆ ಹೋಗುತ್ತೆ. ಲೆಕ್ಕ ಹಾಕಿದ್ರೆ ಬರೀ 37 ಗ್ರಾಂ ನೀರು, ಆದರೆ ಆವಿಯಾದಾಗ ಅದು ಸುಮಾರು 60 ಲೀಟರ್ ಜಾಗ ಕೇಳುತ್ತೆ, ಅದೂ ನೀರಿನ ಮೇಲಿಂದ ಮಾತ್ರ ಅಲ್ಲ, ತಳದಿಂದಲೇ ಎದ್ದು ಬರುತ್ತೆ, ಬರುವಾಗ ಬೆಂದದ್ದನ್ನೂ ಎತ್ತಿಕೊಂಡು ಬಂದು ಮುಖಕ್ಕೆ ಎರಚುತ್ತೆ. ಮುಚ್ಚಳದ ಮೇಲೆ ತಣ್ಣೀರು ಸುರಿದ್ರೂ ಒಳಗೆ ಇದೇ ನಡೆಯೋದು, ಮೇಲಿನ ಆವಿ ನೀರಾಗಿ ಒತ್ತಡ ಕುಸಿದು ಕೆಳಗಿನದು ಏಕ್‌ದಂ ಕುದಿಯುತ್ತೆ, ಅದಕ್ಕೇ ಕಾಳು ಒಡೆದು ಕೊಳವೆಗೆ ಸಿಪ್ಪೆ ಮೆತ್ತಿಕೊಳ್ಳೋದು.

ಇಳಿಯೋ ಹೊತ್ತಲ್ಲೂ ಒಳಗೆ 100ರ ಮೇಲೇ ಇರುತ್ತೆ, ಬೇಯ್ತಾನೇ ಇರುತ್ತೆ, ಕಾಳಿಗೆ ಇದು ಒಳ್ಳೇದೇ, ಬೇಗ ಕರಗೋ ತರಕಾರಿಗೆ ಮಾತ್ರ ಉರಿಯ ಮೇಲಿನ ನಿಮಿಷ ಒಂದೆರಡು ಕಮ್ಮಿ ಮಾಡ್ಕೊಳ್ಳಿ. ವೇಟನ್ನ ಚಮಚದ ತುದಿಯಲ್ಲಿ ಎತ್ತಿ ನೋಡಿ, ಸುಯ್ ಅಂದ್ರೆ ಬಿಟ್ಟುಬಿಡಿ, ಇನ್ನೂ ಐದು ನಿಮಿಷ. ಸದ್ದಿಲ್ಲ ಅಂದ್ರೆ ಮುಚ್ಚಳ ತಾನೇ ಸಡಿಲ ಆಗಿರುತ್ತೆ, ಬಲ ಹಾಕೋದೇ ಬೇಡ.