ಭೇದಿಯೆಂದು ತೋರಿದ ಮಲಬದ್ಧತೆ

ಮಲದ ಆಕಾರವನ್ನು ಏಳು ಬಗೆಯಾಗಿ ವಿಂಗಡಿಸುವ ಬ್ರಿಸ್ಟಲ್ ಪಟ್ಟಿಯ ಚಿತ್ರವನ್ನು ನನ್ನ ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದೇನೆ. ಮೊದಲನೆಯದು ಬಿಡಿಬಿಡಿಯಾದ ಗಟ್ಟಿ ಉಂಡೆ, ಏಳನೆಯದು ಬರೀ ನೀರು. ಮೂರು ಮತ್ತು ನಾಲ್ಕನ್ನು ಸಹಜವೆಂದು ಎಣಿಸುತ್ತೇವೆ. ದೊಡ್ಡ ಕರುಳಿನಲ್ಲಿ ಮಲ ನಿಂತಷ್ಟೂ ಅದರ ನೀರನ್ನು ಕರುಳು ಹೀರಿಕೊಳ್ಳುವುದರಿಂದ, ಕರುಳಿನ ಚಲನೆ ಎಷ್ಟು ನಿಧಾನವಾಗಿದೆ ಎಂಬುದನ್ನು ಎಷ್ಟು ಸಲ ಹೋಯಿತು ಎನ್ನುವ ಲೆಕ್ಕಕ್ಕಿಂತ ಆಕಾರವೇ ಚೆನ್ನಾಗಿ ತಿಳಿಸುತ್ತದೆ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಯಾವುದೂ ಸಹಜವಾಗಿರಬಹುದು.

ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು ಅವರ ಸೊಸೆ ಕರೆತಂದು, "ಡಾಕ್ಟ್ರೇ, ಅತ್ತೆಗೆ ವಾರದಿಂದ ದಿನಕ್ಕೆ ಏಳೆಂಟು ಸಲ ಭೇದಿ, ಮಾತ್ರೆಗೂ ನಿಲ್ಲುತ್ತಿಲ್ಲ, ಬಣ್ಣವೂ ಕಪ್ಪು" ಎಂದರು. ಔಷಧದ ಅಂಗಡಿಯಲ್ಲಿ ಕೊಟ್ಟಿದ್ದು ಕರುಳಿನ ಚಲನೆಯನ್ನು ತಗ್ಗಿಸಿ ಭೇದಿ ನಿಲ್ಲಿಸುವ ಲೋಪೆರಮೈಡ್. ಮಂಡಿನೋವಿಗೆ ಟ್ರಮಡಾಲ್, ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಮೊದಲಿನಿಂದಲೂ ನಡೆದಿದ್ದವು. ಚಿತ್ರ ತೋರಿಸಿ, "ಅಜ್ಜಿ, ಈಗ ಹೋಗುತ್ತಿರುವುದು ಯಾವುದು, ಭೇದಿ ಶುರುವಾಗುವ ಮುಂಚೆ ಯಾವುದಿತ್ತು?" ಎಂದು ಕೇಳಿದೆ. ಅವರು ಮೊದಲು ಏಳರ ಮೇಲೆ, ಆಮೇಲೆ ಒಂದರ ಮೇಲೆ ಬೆರಳಿಟ್ಟರು. ನಿಜವಾದ ಭೇದಿಯಲ್ಲಿ ಈ ಜೋಡಿ ಅಪರೂಪ. ಗುದದ್ವಾರದಲ್ಲಿ ಬೆರಳಿಟ್ಟು ನೋಡಿದಾಗ ಕಲ್ಲಿನಂಥ ಮಲ ತುಂಬಿತ್ತು. ಮೇಲಿನ ನೀರುಮಲ ಅದರ ಸುತ್ತಲಿಂದ ಸೋರಿ ಬರುತ್ತಿತ್ತು. ಟ್ರಮಡಾಲ್ ಮತ್ತು ಕಬ್ಬಿಣ ಎರಡೂ ಮಲಬದ್ಧತೆ ತರುವಂಥವು; ಅವು ಕಟ್ಟಿದ್ದನ್ನು ಲೋಪೆರಮೈಡ್ ಇನ್ನಷ್ಟು ಬಿಗಿಮಾಡಿತ್ತು.

ಕಪ್ಪು ಬಣ್ಣವನ್ನು ಮಾತ್ರ ಕಬ್ಬಿಣದ ತಲೆಗೆ ಕಟ್ಟಿ ಸುಮ್ಮನಾಗುವಂತಿರಲಿಲ್ಲ. ಕಬ್ಬಿಣದಿಂದ ಬರುವ ಕಪ್ಪಿನಲ್ಲಿ ಹಸಿರಿನ ಛಾಯೆಯಿರುತ್ತದೆ. ಜಠರದ ರಕ್ತಸ್ರಾವದಿಂದಾದರೆ ಮಲ ಡಾಂಬರಿನಂತೆ ಹೊಳೆದು ಅಂಟುತ್ತದೆ, ಅದರ ವಾಸನೆಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಕೈಗವಸಿಗೆ ಹತ್ತಿದ್ದನ್ನು ಬಿಳಿ ಅರಿವೆಗೆ ಸವರಿದಾಗ ಹಸಿರುಗಪ್ಪು ಕಂಡಿತು, ಅಂಟು ಇರಲಿಲ್ಲ. ನಾಡಿ, ರಕ್ತದೊತ್ತಡಗಳೂ ಸರಿಯಾಗಿದ್ದವು.

ಲೋಪೆರಮೈಡ್ ಮತ್ತು ಟ್ರಮಡಾಲ್ ನಿಲ್ಲಿಸಿ, ನೋವಿಗೆ ಪ್ಯಾರಾಸಿಟಮಾಲ್ ಕೊಟ್ಟೆ. ಗ್ಲಿಸರಿನ್ ಬತ್ತಿಯಿಂದ ಮಲವನ್ನು ಮೆದುಗೊಳಿಸಿ, ಎನಿಮಾದಿಂದ ಹೊರತೆಗೆದ ನಂತರ, ಮಲವನ್ನು ಮೆದುವಾಗಿಡಲು ನೀರಿನಲ್ಲಿ ಕದಡಿ ಕುಡಿಯುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಶುರುಮಾಡಿದೆ. ವಯಸ್ಸಾದವರಲ್ಲಿ ಲವಣಗಳ ಏರುಪೇರಾಗುವ ಭಯವಿರುವುದರಿಂದ ಫಾಸ್ಫೇಟ್ ಎನಿಮಾವನ್ನು ಬಳಸಲಿಲ್ಲ. ಪ್ರತಿದಿನದ ಆಕಾರದ ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಬರೆಯಲು ಸೊಸೆಗೆ ಹೇಳಿದೆ: ಎರಡು ಅಥವಾ ಅದಕ್ಕೂ ಕಡಿಮೆಯಾದರೆ ಪುಡಿ ಹೆಚ್ಚಿಸುವುದು, ಆರಾದರೆ ಇಳಿಸುವುದು. ಅವರು ಮತ್ತೆ ಬಂದಾಗ ಕ್ಯಾಲೆಂಡರಿನಲ್ಲಿ ಬಹುಪಾಲು ನಾಲ್ಕೇ ಇತ್ತು.

ಪಟ್ಟಿ ಕರುಳಿನ ವೇಗವನ್ನು ತಿಳಿಸುತ್ತದೆ, ಕಾರಣವನ್ನಲ್ಲ. ಈ ವಯಸ್ಸಿನಲ್ಲಿ ರಕ್ತಹೀನತೆ ಏಕೆ ಬಂತು ಎಂಬುದು ಹಾಗೇ ಉಳಿದಿತ್ತು. ಆದ್ದರಿಂದ ಆಕಾರ ಸರಿಹೋದ ಮೇಲೂ ಅವರನ್ನು ಎಂಡೋಸ್ಕೋಪಿ ಮತ್ತು ಕೊಲೊನೋಸ್ಕೋಪಿಗೆ ಕಳುಹಿಸಿದೆ.