ಯಾವ ಕೋರ್ಸ್ ಮೊದಲು? ಬಾಕಿ ಬರೆದು ನೋಡಿ

ಕಂಪ್ಯೂಟರ್ ಸೈನ್ಸ್‌ನ ಆರು ಕೋರ್ಸ್ ಇವೆ ಅಂತಿಟ್ಟುಕೊಳ್ಳಿ. ಡೇಟಾ ಸ್ಟ್ರಕ್ಚರ್ಸ್‌ಗೆ ಮೊದಲು ಸಿ ಪ್ರೋಗ್ರಾಮಿಂಗ್ ಮುಗಿದಿರಬೇಕು. ಅಲ್ಗಾರಿದಮ್ಸ್‌ಗೆ ಡೇಟಾ ಸ್ಟ್ರಕ್ಚರ್ಸ್ ಜೊತೆ ಡಿಸ್ಕ್ರೀಟ್ ಮ್ಯಾಥ್ಸ್ ಕೂಡ ಬೇಕು. ಡೇಟಾಬೇಸ್‌ಗೆ ಡೇಟಾ ಸ್ಟ್ರಕ್ಚರ್ಸ್ ಸಾಕು. ಪ್ರಾಜೆಕ್ಟ್‌ಗೆ ಅಲ್ಗಾರಿದಮ್ಸ್, ಡೇಟಾಬೇಸ್ ಎರಡೂ ಆಗಿರಬೇಕು.

ಒಂದೊಂದು ಕೋರ್ಸಿಗೆ ಒಂದೊಂದು ಚೀಟಿ ಮಾಡಿ. ಅದಕ್ಕಿಂತ ಮೊದಲು ನೇರವಾಗಿ ಬೇಕಾದ ಕೋರ್ಸ್ ಎಷ್ಟು ಅಂತ ಮೂಲೆಯಲ್ಲಿ ಬರೆಯಿರಿ. ಇದು ಆ ಕೋರ್ಸಿನ ಬಾಕಿ. ಸಿ ಮತ್ತು ಡಿಸ್ಕ್ರೀಟ್‌ಗೆ 0, ಡೇಟಾ ಸ್ಟ್ರಕ್ಚರ್ಸ್‌ಗೆ 1, ಡೇಟಾಬೇಸ್‌ಗೆ 1, ಉಳಿದೆರಡಕ್ಕೆ 2. ಒಂದೇ ನಿಯಮವನ್ನು ಎರಡು ಸಲ ಎಣಿಸಬೇಡಿ. ಎಣಿಸಿದರೆ ಆ ಚೀಟಿ ಸೊನ್ನೆಗೆ ಇಳಿಯದೆ ಸುಮ್ನೆ ಗಾಬರಿ ಹುಟ್ಟಿಸುತ್ತದೆ.

ಈಗ ಸೊನ್ನೆ ಇರುವ ಚೀಟಿಯೊಂದನ್ನು ಎತ್ತಿ ಸಾಲಿಗೆ ಇಡಿ. ಅದನ್ನು ಕಾಯುತ್ತಿದ್ದ ಕೋರ್ಸ್‌ಗಳ ಬಾಕಿಯಲ್ಲಿ ಒಂದೊಂದು ಕಳೆಯಿರಿ. ಸಿ ಎತ್ತಿದರೆ ಡೇಟಾ ಸ್ಟ್ರಕ್ಚರ್ಸ್ ಸೊನ್ನೆಯಾಗುತ್ತದೆ. ಡಿಸ್ಕ್ರೀಟ್ ಎತ್ತಿದರೆ ಅಲ್ಗಾರಿದಮ್ಸ್ 1ಕ್ಕೆ ಇಳಿಯುತ್ತದೆ. ಡೇಟಾ ಸ್ಟ್ರಕ್ಚರ್ಸ್ ಎತ್ತಿದ ಮೇಲೆ ಅಲ್ಗಾರಿದಮ್ಸ್, ಡೇಟಾಬೇಸ್ ಎರಡೂ ಬಿಡುಗಡೆ. ಇವುಗಳಲ್ಲಿ ಯಾವುದನ್ನು ಮೊದಲು ಎತ್ತಿದರೂ ಸರಿಯೇ, ಸರಿಯಾದ ಸಾಲು ಒಂದೇ ಇರಬೇಕೆಂದಿಲ್ಲ. ಕೊನೆಗೆ ಪ್ರಾಜೆಕ್ಟ್. ಆರ್ಥರ್ ಕಾನ್ 1962ರಲ್ಲಿ ಪ್ರಕಟಿಸಿದ ಟೊಪೊಲಾಜಿಕಲ್ ಸಾರ್ಟ್ ವಿಧಾನ ಇದೇ.

ಈಗ ಯಾರೋ ಪಟ್ಟಿ ತಿದ್ದುವಾಗ ‘ಡೇಟಾ ಸ್ಟ್ರಕ್ಚರ್ಸ್‌ಗೆ ಡೇಟಾಬೇಸ್ ಬೇಕು’ ಅಂತ ಸೇರಿಸಿಬಿಟ್ಟರು ಅನ್ನಿ. ಮತ್ತೆ ಮೊದಲಿನಿಂದ ಮಾಡಿ. ಸಿ, ಡಿಸ್ಕ್ರೀಟ್ ಎತ್ತಿದ ಮೇಲೆ ಆಟ ನಿಂತೇ ಹೋಗುತ್ತದೆ. ನಾಲ್ಕು ಚೀಟಿ ಉಳಿದಿವೆ, ಒಂದರಲ್ಲೂ ಸೊನ್ನೆ ಇಲ್ಲ. ಎಲ್ಲೋ ಸುತ್ತು ಬಿದ್ದಿದೆ ಅನ್ನುವುದಕ್ಕೆ ಅಷ್ಟೇ ಸಾಕ್ಷಿ ಸಾಕು.

ಜಾಸ್ತಿ ಜನ ಎಡವುವುದು ಇಲ್ಲಿಯೇ. ಉಳಿದ ನಾಲ್ಕೂ ತಪ್ಪಿತಸ್ಥ ಅಲ್ಲ, ಕೆಲವು ಸುತ್ತಿನ ಹಿಂದೆ ಸಿಕ್ಕಿಕೊಂಡು ಕಾಯುತ್ತಿವೆ ಅಷ್ಟೆ. ಅಸಲಿ ಸುತ್ತು ಬೇಕಾದರೆ ಉಳಿದ ಯಾವುದಾದರೂ ಚೀಟಿಯಿಂದ ಹಿಂದಕ್ಕೆ ನಡೆಯಿರಿ. ‘ನೀನು ಯಾರಿಗೆ ಕಾಯ್ತಿದ್ದೀಯ?’ ಅಂತ ಕೇಳುತ್ತಾ ಹೋಗುವುದು. ಪ್ರಾಜೆಕ್ಟ್ ಕಾಯುವುದು ಅಲ್ಗಾರಿದಮ್ಸ್‌ಗೆ, ಅದು ಡೇಟಾ ಸ್ಟ್ರಕ್ಚರ್ಸ್‌ಗೆ, ಅದು ಡೇಟಾಬೇಸ್‌ಗೆ, ಅದು ಮತ್ತೆ ಡೇಟಾ ಸ್ಟ್ರಕ್ಚರ್ಸ್‌ಗೆ! ಎರಡನೇ ಸಲ ಬಂದ ಹೆಸರಿನಿಂದ ಅದೇ ಹೆಸರಿನವರೆಗೆ ಇರುವುದೇ ಸುತ್ತು. ಪ್ರಾಜೆಕ್ಟ್, ಅಲ್ಗಾರಿದಮ್ಸ್ ಪಾಪ, ನಿರಪರಾಧಿಗಳು. ಮುಂದಕ್ಕೆ ನಡೆದರೆ ಪ್ರಾಜೆಕ್ಟ್ ಹತ್ತಿರ ದಾರಿ ಮುಗಿದುಹೋಗಬಹುದು. ಹಿಂದಕ್ಕೆ ಹಾಗಾಗುವುದಿಲ್ಲ, ಯಾಕಂದರೆ ಉಳಿದ ಪ್ರತಿ ಚೀಟಿಗೂ ಬಾಕಿ ಇದ್ದೇ ಇದೆಯಲ್ವಾ?

ಸುತ್ತು ಸಿಕ್ಕ ಕೂಡಲೇ ನಿಯಮ ಅಳಿಸಬೇಡಿ. ಬರೆದವರ ಮನಸ್ಸಿನಲ್ಲಿ ‘ಮೊದಲು’ ಅಂತಲ್ಲ, ‘ಜೊತೆಯಲ್ಲಿ’ ಅಂತ ಇದ್ದಿರಬಹುದು. ಥಿಯರಿ ಮತ್ತು ಲ್ಯಾಬ್ ಒಂದನ್ನೊಂದು ಬೇಡುವಾಗ ಹೀಗಾಗುತ್ತದೆ. ಆಗ ಎರಡನ್ನೂ ಒಂದೇ ಚೀಟಿಯಲ್ಲಿ ಬರೆದು, ಬಾಕಿಯನ್ನು ಹೊಸದಾಗಿ ಎಣಿಸಿ.